ಚಿಮಿಣಿ

"ಐತಪ್ಪ ನಾಯ್ಕ ಅಂದರೆ ಯಾರಕ್ಕಾ?"

ಆಶಾ ಕಾರ್ಯಕರ್ತೆ ನಮ್ಮ ಜಗಲಿಯಲ್ಲಿ ಪಟ್ಟಿ ಹಿಡಿದು ನಿಂತಿದ್ದಳು. ಬದುಕಿದ್ದೇವೆಂದು ಬೆರಳೊತ್ತಿ ತೋರಿಸುವ ಪಿಂಚಣಿ ಮಸ್ಟರಿಂಗ್‌ಗೆ ಇನ್ನೂ ಬಾರದವರ ಹೆಸರುಗಳು. ವೀಳ್ಯಕ್ಕೆ ಸುಣ್ಣ ಹಚ್ಚುತ್ತಿದ್ದ ಅತ್ತೆ ತಲೆಯೆತ್ತಿದರು.

"ನಮ್ಮ ಬೈಲಿನಲ್ಲಿ ಐತಪ್ಪ ಅಂತ ಯಾರೂ ಇಲ್ಲ. ಒಬ್ಬ ಐತ ಇದ್ದ, ಅವನು ತೀರಿಹೋಗಿ ಇಪ್ಪತ್ತು ವರ್ಷ ಆಯಿತು."

ಅವಳು ಹೆಸರಿನೆದುರು ಗುರುತು ಹಾಕಲು ಪೆನ್ನು ತೆಗೆದಳು. ಏನನ್ನಿಸಿತೋ, "ಹೆಂಡತಿ ಕಮಲ, ವಯಸ್ಸು ಎಪ್ಪತ್ತೆಂಟು" ಎಂದು ಮುಂದೆ ಓದಿದಳು. ನಾನು ಕೂತಲ್ಲಿಂದ ಎದ್ದೇಬಿಟ್ಟೆ.

"ಅಯ್ಯೋ, ಅದು ನಮ್ಮ ಚಿಮಿಣಿ ಅಜ್ಜ!"

ನಾನು ಈ ಮನೆಗೆ ಮದುವೆಯಾಗಿ ಬಂದು ಹದಿನಾರು ವರ್ಷ. ದಿನಾ ಕುಡಿಯುವ ನೀರು ಅವರು ಕೊರೆದ ಸುರಂಗದ್ದು. ಅವರಿಗೊಂದು ಬೇರೆ ಹೆಸರಿದ್ದೀತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದು ನನಗೆ ನಾಚಿಕೆಯ ಸಂಗತಿಯಾಗಿಯೇ ಕಂಡಿತು.

ಮರುದಿನ ಅವರನ್ನು ಪೆರ್ಲಕ್ಕೆ ಕರೆದೊಯ್ಯುವುದು ನಾನೇ ಎಂದಾಯಿತು. ಬಸ್ಸಿಗೆ ಕಾಯುವಾಗ ಕೇಳಿದೆ.

"ಅಜ್ಜಾ, ಐತಪ್ಪ ಅಂತ ಹೆಸರಿಟ್ಟದ್ದು ಯಾರು?"

"ಆದಿತ್ಯವಾರ ಹುಟ್ಟಿದ್ದಕ್ಕೆ ಐತಪ್ಪ. ಅದಕ್ಕೆ ಯಾರೂ ಇಡುವುದು ಬೇಡ, ವಾರವೇ ಇಟ್ಟಿತು."

"ಮತ್ತೆ ಚಿಮಿಣಿ?"

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದನ್ನೆಲ್ಲ ಬಸ್ಸಿನ ಗದ್ದಲದಲ್ಲಿ ಕಿವಿಗೊಟ್ಟು ಕೇಳಿದೆ.

ಅವರ ಅಪ್ಪನೂ ಸುರಂಗ ಕೊರೆಯುವವರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ದಾರಿ. ಅಪ್ಪ ಎದುರು ಕೂತು ಪಿಕಾಸಿಯಲ್ಲಿ ಕಡಿಯುವುದು, ಮಗ ಹಿಂದಿನಿಂದ ಮಣ್ಣನ್ನು ಅಡಿಕೆ ಹಾಳೆಯಲ್ಲಿ ತುಂಬಿಸಿ ಎಳೆಯುವುದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ ಅಜ್ಜನಿಗೆ ಹತ್ತು. ಹೊರಗೆ ಮೆರವಣಿಗೆ, ಭಾಷಣ ಏನೇನಾಯಿತೋ, ತಾನು ಇಪ್ಪತ್ತೆಂಟು ಕೋಲು ಒಳಗೆ ಇದ್ದೆ ಎಂದರು.

ಮಣ್ಣು ಎಳೆಯುವುದಕ್ಕಿಂತ ದೊಡ್ಡ ಕೆಲಸವೊಂದಿತ್ತು. ಗೋಡೆಯ ಗೂಡಿನಲ್ಲಿಟ್ಟ ಚಿಮಿಣಿ ದೀಪವನ್ನು ನೋಡುತ್ತಾ ಇರುವುದು. ಒಳಗೆ ಗಾಳಿ ಕಡಿಮೆಯಾದರೆ ಮೊದಲು ಗೊತ್ತಾಗುವುದು ದೀಪಕ್ಕೆ. ಬತ್ತಿಯ ಕುಡಿ ಸಣ್ಣದಾಗಿ ಕೆಂಪಗಾದರೆ ಇಬ್ಬರೂ ಹೊರಗೆ ಓಡಬೇಕು. ಕಡಿಯುವವನಿಗೆ ಹಿಂದೆ ತಿರುಗಲು ಜಾಗವಿಲ್ಲ. ಹಾಗಾಗಿ ನಾಲ್ಕು ಪೆಟ್ಟು ಹಾಕಿ ಅಪ್ಪ ಕೇಳುತ್ತಿದ್ದರಂತೆ:

"ಚಿಮಿಣಿ?"

"ಉಂಟು."

ಮತ್ತೆ ನಾಲ್ಕು ಪೆಟ್ಟು. "ಚಿಮಿಣಿ?" "ಉಂಟು."

"ದೀಪವನ್ನು ಕೇಳುತ್ತಿದ್ದದ್ದು," ಅಜ್ಜ ಹೇಳಿದರು. "ಮನೆಗೆ ಬಂದ ಮೇಲೂ ಅಪ್ಪನಿಗೆ ಅದೇ ಬಾಯಿಗೆ ಬರುತ್ತಿತ್ತು. ಕತ್ತಲೆಗೆ ಅಂಗಳದಲ್ಲಿ ನಿಂತು, ಚಿಮಿಣೀ, ಊಟಕ್ಕೆ ಬಾ ಅಂತ. ಆಮೇಲೆ ಎಲ್ಲರಿಗೂ ಅದೇ ಆಯಿತು."

ಶಾಲೆಯ ಹಾಜರಿ ಪುಸ್ತಕದಲ್ಲಿ ಐತಪ್ಪ ಎರಡು ವರ್ಷ ಇದ್ದ. ಆಮೇಲೆ ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಕೂತ, ಆಧಾರಿನಲ್ಲಿ ಇನ್ನೊಂದು ತರದಲ್ಲಿ. ಎಲ್ಲವೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಟ್ಟದಲ್ಲಿದ್ದವು. ಆ ಹೆಸರು ಹಿಡಿದು ಕರೆದವರು ಯಾರೂ ನೆನಪಿಲ್ಲ ಎಂದರು ಅಜ್ಜ.

ಕೇಂದ್ರದಲ್ಲಿ ಜನ ತುಂಬಿತ್ತು. ಟೋಕನ್ ತೆಗೆದು ಗೋಡೆಗೆ ಒರಗಿಸಿ ಕೂರಿಸಿದೆ. ಮೊದಲ ಸರದಿಯಲ್ಲಿ ಹೆಬ್ಬೆರಳು ಇಟ್ಟರೆ ಯಂತ್ರ ಹಿಡಿಯಲಿಲ್ಲ. ಹತ್ತೂ ಬೆರಳು ಇಡಿಸಿದರು. ಕೂತಿದ್ದ ಹುಡುಗಿ ಅಜ್ಜನ ಕೈ ತಿರುಗಿಸಿ ನೋಡಿದಳು. ನಾನೂ ನೋಡಿದೆ. ಬೆರಳ ತುದಿಗಳು ಹೊಳೆಕಲ್ಲಿನ ಹಾಗೆ ನುಣ್ಣಗೆ, ಒಂದು ಗೆರೆಯೂ ಇಲ್ಲ. ಐವತ್ತು ವರ್ಷ ಮುರಕಲ್ಲು ತಿಕ್ಕಿದ ಕೈ.

"ಕಣ್ಣಿನ ಯಂತ್ರದಲ್ಲಿ ನೋಡುವ, ಸ್ವಲ್ಪ ಕೂತುಕೊಳ್ಳಿ, ಕರೆಯುತ್ತೇನೆ" ಎಂದಳು ಪಾಪ.

ಗಂಟೆ ಒಂದಾಯಿತು. ಸೆಕೆ. ನಾನು ನೀರು ತರಲು ಹೊರಗೆ ಹೋಗಿ ಬರುವಾಗ ಅವಳು ಕರೆಯುತ್ತಿದ್ದಳು.

"ಐತಪ್ಪ ನಾಯ್ಕ್! ಐತಪ್ಪ ನಾಯ್ಕ್ ಇದ್ದಾರಾ?"

ಯಾರೂ ಏಳಲಿಲ್ಲ. ಅಜ್ಜ ಗೋಡೆಗೆ ಒರಗಿದಲ್ಲೇ ಇದ್ದರು. ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. "ಅಜ್ಜಾ" ಎಂದೆ. ಭುಜ ಹಿಡಿದು ಅಲುಗಿಸಿದೆ. ತಲೆ ಒಂದು ಬದಿಗೆ ವಾಲಿತು. ಪಕ್ಕದ ಹೆಂಗಸು ಎದ್ದು ನಿಂತಳು. ನನ್ನ ಕೈಯ ಬಾಟಲಿ ಜಾರಿ ನೆಲಕ್ಕೆ ಬಿತ್ತು.

ದೊಡ್ಡವರನ್ನು ಹಾಗೆ ಬರಿಹೆಸರಿನಲ್ಲಿ ಕರೆಯಬಾರದು. ಆ ಹೊತ್ತಿಗೆ ನನಗೆ ಬೇರೇನೂ ತೋಚಲಿಲ್ಲ. ಕಿವಿಯ ಹತ್ತಿರ ಬಗ್ಗಿ ಕೇಳಿದೆ:

"ಚಿಮಿಣಿ?"

ಎಲ್ಲೋ ಬಹಳ ಒಳಗಿನಿಂದ, ಹತ್ತು ವರ್ಷದ ಹುಡುಗನ ಅವಸರದಲ್ಲಿ, ಅಜ್ಜ ಹೇಳಿದರು.

"ಉಂಟು."