ಮೇಷ್ಟ್ರಿಗೆ, ಬಿಡುವಾದಾಗ ಓದಲು

ಪ್ರೀತಿಯ ಮೇಷ್ಟ್ರೇ,

ತರಗತಿಯವರೆಲ್ಲ ಇಟ್ಟ ಹೆಸರಿನಿಂದಲೇ ನಾನೂ ನಿನ್ನನ್ನು ಮೇಷ್ಟ್ರೇ ಎಂದು ಕರೆದು, ಮರುಮಾತಿನಲ್ಲೇ ‘ನೀನು’ ಎಂದು ಏಕವಚನಕ್ಕೆ ಇಳಿಯುವ ಅಭ್ಯಾಸ ಮೂರು ವರ್ಷಗಳದ್ದು. ಇಲ್ಲಿಯೂ ಅದನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಬೇರೆ ಯಾವ ಸಂಬೋಧನೆ ಬರೆದು ನೋಡಿದರೂ ಅದು ನನ್ನ ಮಾತಿನಂತೆ ಕೇಳಿಸಲಿಲ್ಲ. ಈ ಸಂದೇಶ ಸ್ವಲ್ಪ ದೀರ್ಘವಾಗಿದೆ. ಈಗ ಮನೆಯವರ ನಡುವೆಯೋ ಪ್ರಯಾಣದಲ್ಲೋ ಇದ್ದರೆ ಇದನ್ನು ಇಲ್ಲಿಗೇ ನಿಲ್ಲಿಸಿ, ಒಬ್ಬನೇ ಇರುವಾಗ ಮುಂದಕ್ಕೆ ಓದು. ಯಾರಿಗೂ ಏನೂ ಆಗಿಲ್ಲ, ಗಾಬರಿಪಡುವ ಸಂಗತಿಯೂ ಇದಲ್ಲ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಪೀಠಿಕೆಯಲ್ಲೇ ಧೈರ್ಯ ಮುಗಿದುಹೋಗುತ್ತದೆ. ನನಗೆ ನಿನ್ನ ಮೇಲೆ ಪ್ರೀತಿಯಿದೆ. ಸ್ನೇಹದ ಪ್ರೀತಿ ಹೇಗೂ ಇದೆ, ನಾನು ಹೇಳುತ್ತಿರುವುದು ಅದಲ್ಲದ ಇನ್ನೊಂದನ್ನು. ಸುಮಾರು ಒಂದು ವರ್ಷದಿಂದ ಇದು ನನ್ನೊಳಗಿದೆ. ತಾನಾಗಿ ಹೋದೀತೆಂದು ಮೊದಲ ಕೆಲವು ತಿಂಗಳು ಕಾದೆ. ಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆ, ಪರೀಕ್ಷೆಗಳು ಮುಗಿಯುವ ತನಕ ಬಾಯಿ ಬಿಡಬಾರದೆಂದು ತೀರ್ಮಾನಿಸಿದೆ. ಕಳೆದ ಶುಕ್ರವಾರ ಕೊನೆಯ ಪ್ರಾಯೋಗಿಕ ಪರೀಕ್ಷೆಯೂ ಮುಗಿದದ್ದರಿಂದ ಈಗ ಮುಂದೂಡಲು ನೆಪವೊಂದೂ ಉಳಿದಿಲ್ಲ.

ಇದು ಯಾವಾಗ ಶುರುವಾಯಿತೆಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೆನಪು ಪ್ರತಿ ಸಲವೂ ಮೊದಲ ವರ್ಷದ ಪ್ರಯೋಗಾಲಯಕ್ಕೇ ಹೋಗಿ ನಿಲ್ಲುತ್ತದೆ, ಆಗ ಇಂಥ ಯಾವ ಭಾವನೆಯೂ ನನ್ನಲ್ಲಿ ಇರಲಿಲ್ಲವಾದರೂ. ನಿನಗೆ ನೆನಪಿರಲಿಕ್ಕಿಲ್ಲ. ಅಂದಿನದು ಆಮ್ಲ–ಪ್ರತ್ಯಾಮ್ಲಗಳ ಟೈಟ್ರೇಶನ್. ನನ್ನ ಫ್ಲಾಸ್ಕಿನ ದ್ರಾವಣ ಮೂರು ಸಲವೂ ತೆಳು ಗುಲಾಬಿಯಲ್ಲಿ ನಿಲ್ಲದೆ ಕಡು ಗುಲಾಬಿಗೆ ಹಾರಿತ್ತು. ಉಳಿದವರೆಲ್ಲ ರೀಡಿಂಗ್ ತೋರಿಸಿ ಹೊರಗೆ ಹೋಗುತ್ತಿದ್ದರು, ನಾನು ನಾಲ್ಕನೆಯ ಸಲ ಪಿಪೆಟ್ ತುಂಬುತ್ತಿದ್ದೆ. ಪಕ್ಕದ ಮೇಜಿನಲ್ಲಿದ್ದ ನೀನು ನಿನ್ನ ರಫ್ ಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದು ನನ್ನ ಫ್ಲಾಸ್ಕಿನ ಕೆಳಗೆ ಸರಿಸಿದೆ. ಬಿಳಿಯ ಹಿನ್ನೆಲೆಯಲ್ಲಿ ಬಣ್ಣ ಬೇಗ ಕಣ್ಣಿಗೆ ಬೀಳುತ್ತದೆ, ಗುಲಾಬಿ ಮೂಡಿ ಮಾಯವಾಗಲು ತೊಡಗಿದಾಗಿನಿಂದ ಹನಿ ಹನಿಯಾಗಿಯೇ ಬಿಡಬೇಕು, ಬಣ್ಣ 30 ಸೆಕೆಂಡು ಉಳಿದರೆ ಸಾಕು ಎಂದಷ್ಟೇ ಹೇಳಿ ನಿನ್ನ ಕೆಲಸಕ್ಕೆ ಮರಳಿದೆ. ಫ್ಲಾಸ್ಕನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಆ ದಿನ ನನ್ನ ಬ್ಯೂರೆಟ್ ತಿರುಗಿಸಿ ನನ್ನ ಕೆಲಸ ಮುಗಿಸಿಕೊಡಲು ಬೇರೆ ಇಬ್ಬರು ಸಿದ್ಧರಿದ್ದರು, ನಾನೇ ಮಾಡಲಿ ಎಂದು ಬಿಟ್ಟವನು ನೀನೊಬ್ಬನೇ. ಒಂದು ಹನಿ ಹೆಚ್ಚಾದರೆ ಎಲ್ಲವೂ ಕೆಡುತ್ತದೆಂಬ ಆ ಪಾಠವನ್ನು ಈಗಿನ ನನ್ನ ಸ್ಥಿತಿಗೆ ಹೋಲಿಸಬಹುದಿತ್ತು, ಆದರೆ ನನ್ನ ಉಪಮೆಗಳಿಗೆ ನೀನು ಹೇಗೆ ನಗುತ್ತೀ ಎಂಬುದು ನನಗೆ ಗೊತ್ತಿರುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ನಿನ್ನಲ್ಲಿ ದೋಷಗಳೇ ಕಾಣದಷ್ಟು ಕುರುಡಾಗಿ ಬರೆಯುತ್ತಿದ್ದೇನೆಂದು ತಿಳಿಯಬೇಡ. ಹತ್ತು ಗಂಟೆಗೆ ಎಂದರೆ ಹತ್ತೂಮುಕ್ಕಾಲಿಗೆ ಬರುವವನು ನೀನು. ವಾದದಲ್ಲಿ ಸೋಲುವ ಸೂಚನೆ ಸಿಕ್ಕರೆ ವಿಷಯವನ್ನೇ ಬದಲಿಸುತ್ತೀ. ಎರಡನೆಯ ವರ್ಷದಲ್ಲಿ ನನ್ನ ಸೆಮಿನಾರಿನ ಬಗ್ಗೆ ಎಲ್ಲರೆದುರು ನೀನು ಹಗುರವಾಗಿ ಮಾತನಾಡಿದಾಗ ಹದಿನೈದು ದಿನ ನಿನ್ನ ಮುಖ ನೋಡದೆ ಇದ್ದದ್ದೂ ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನೀನು ಬಂದು, ‘ಹೇಳಿದ್ದೂ ತಪ್ಪು, ಹೇಳಿದ ರೀತಿಯೂ ತಪ್ಪು’ ಎಂದು ಎರಡೇ ಮಾತಿನಲ್ಲಿ ಒಪ್ಪಿಕೊಂಡೆ. ‘ಆದರೆ’ ಎಂಬ ಮೂರನೆಯ ಮಾತು ಬಂದೀತೆಂದು ನಾನು ಕಾಯುತ್ತಿದ್ದೆ, ಅದು ಬರಲೇ ಇಲ್ಲ. ಕ್ಷಮೆ ಕೇಳುವವರ ಬಾಯಲ್ಲಿ ಆ ‘ಆದರೆ’ಯನ್ನು ನಾನು ಎಷ್ಟು ಕೇಳಿದ್ದೇನೆಂದರೆ, ಅದಿಲ್ಲದ ಕ್ಷಮೆಯನ್ನು ಹೇಗೆ ಸ್ವೀಕರಿಸಬೇಕೆಂದೇ ಆ ಕ್ಷಣ ತಿಳಿಯದೆ ಗಂಟೆ ಎಷ್ಟಾಯಿತೆಂದು ಕೇಳಿದೆ. ನನ್ನ ಮನಸ್ಸು ತಿರುಗಿದ್ದು ಬಹುಶಃ ಆ ಮಧ್ಯಾಹ್ನವೇ ಇರಬೇಕು. ಪ್ರಯೋಗಾಲಯದ ಹಾಳೆ ನೆನಪಾದದ್ದೂ ಆ ರಾತ್ರಿಯೇ.

ಅಲ್ಲಿಂದೀಚೆಗೆ ನಡೆದದ್ದೆಲ್ಲ ಸಣ್ಣಪುಟ್ಟ ಸಂಗತಿಗಳು. ಗ್ರಂಥಾಲಯದಲ್ಲಿ ನೀನು ಎದುರಿಗೆ ಕೂತರೆ ಒಂದೇ ಪುಟವನ್ನು ನಾಲ್ಕು ಸಲ ಓದುತ್ತಿದ್ದೆ. ಏನಾದರೂ ತಮಾಷೆಯದ್ದು ಕಂಡರೆ ಮೊದಲು ನಿನಗೇ ಹೇಳಬೇಕೆನಿಸುತ್ತಿತ್ತು. ಇವನ್ನು ಪಟ್ಟಿ ಮಾಡುತ್ತ ಹೋದರೆ ಇದನ್ನು ಅನುಭವಿಸಿದವರೆಲ್ಲರ ಪಟ್ಟಿಯೂ ಇದೇ ಆಗಿರುತ್ತದೆಂಬ ಅನುಮಾನ ನನಗಿದೆ.

ಇನ್ನು ಇದನ್ನು ಎದುರಿಗೆ ಹೇಳದೆ ಬರೆಯುತ್ತಿರುವುದಕ್ಕೆ ಕಾರಣ ನೀನೇ. ಒಂದು ವಾರ್ಷಿಕೋತ್ಸವದ ದಿನ ಹಿರಿಯ ವಿದ್ಯಾರ್ಥಿಯೊಬ್ಬ ವೇದಿಕೆಯ ಮೇಲಿಂದ, ಮೈಕ್ ಹಿಡಿದು, ತನ್ನ ತರಗತಿಯ ಹುಡುಗಿಗೆ ಪ್ರೀತಿ ಹೇಳಿಕೊಂಡದ್ದು ನಿನಗೆ ನೆನಪಿರಬಹುದು. ಸಭಾಂಗಣವೆಲ್ಲ ಶಿಳ್ಳೆ ಹೊಡೆಯುತ್ತಿತ್ತು, ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ನೀನು ಮಾತ್ರ ಆ ಹುಡುಗಿಯ ಕಡೆ ನೋಡುತ್ತ, ‘ಇಷ್ಟು ಜನರ ಮುಂದೆ ಅವಳು ಬೇಡ ಅನ್ನುವುದು ಹೇಗೆ?’ ಎಂದು ಕೇಳಿದ್ದೆ. ನನ್ನ ಚಪ್ಪಾಳೆ ಅಲ್ಲಿಗೆ ನಿಂತಿತು. ಅಂದಿನಿಂದ, ನಾನು ಯಾರಿಗಾದರೂ ಇಂಥ ಮಾತು ಹೇಳುವ ದಿನ ಬಂದರೆ, ಬೇಡ ಎನ್ನುವುದಕ್ಕೂ ಬೇಕು ಎನ್ನುವಷ್ಟೇ ಜಾಗವಿರುವಂತೆ ಹೇಳಬೇಕೆಂದು ಅಂದುಕೊಂಡಿದ್ದೆ. ಎದುರಿಗೆ ಕೂತು ಹೇಳಿದ್ದರೆ ನನ್ನ ಮುಖ ನೋಡಿ ನೀನು ಮೆತ್ತಗಾಗುತ್ತಿದ್ದೆ. ಫೋನಿನಲ್ಲಿ ಹೇಳಿದ್ದರೆ ಮೌನವನ್ನು ತುಂಬಲೆಂದೇ ಏನಾದರೂ ಉತ್ತರಿಸುತ್ತಿದ್ದೆ. ಬರೆದದ್ದನ್ನು ಓದುವಾಗ ನಿನ್ನ ಮುಖ ಹೇಗಾಗುತ್ತದೆಂಬುದನ್ನು ನಾನು ನೋಡಲಾರೆ, ಹಾಗಿರುವುದೇ ಒಳ್ಳೆಯದು.

ಆದ್ದರಿಂದ ಈ ಮುಂದಿನದನ್ನು ಔಪಚಾರಿಕತೆಗೆ ಬರೆದದ್ದೆಂದು ತಿಳಿಯದೆ ಓದು. ನಿನ್ನ ಮನಸ್ಸಿನಲ್ಲಿ ನನ್ನ ಬಗ್ಗೆ ಸ್ನೇಹದ ಹೊರತು ಬೇರೇನೂ ಇಲ್ಲದಿದ್ದರೆ, ‘ಇಲ್ಲ’ ಎಂಬ ಒಂದು ಪದ ಬರೆದರೆ ಸಾಕು. ಕಾರಣ ಬೇಡ. ಓದು, ಕೆಲಸ, ಮನೆ, ಸಮಯ ಸರಿಯಿಲ್ಲ ಎಂಬಂಥ ಸಮಾಧಾನದ ಕಾರಣಗಳಂತೂ ಖಂಡಿತ ಬೇಡ, ಏಕೆಂದರೆ ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹುಡುಕುವ ನನ್ನ ಬುದ್ಧಿ ನಿನಗೆ ಗೊತ್ತೇ ಇದೆ. ಆ ಒಂದು ಪದವನ್ನು ಬರೆಯುವುದೂ ಕಷ್ಟವೆನಿಸಿದರೆ ಏನನ್ನೂ ಬರೆಯಬೇಡ, ನಾನು ಅದನ್ನು ‘ಇಲ್ಲ’ವೆಂದೇ ತಿಳಿದುಕೊಳ್ಳುತ್ತೇನೆ ಮತ್ತು ಈ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವುದಿಲ್ಲ. ನೀನು ಇದನ್ನು ಓದಿರುವೆಯೆಂದು ನನ್ನ ಫೋನು ತೋರಿಸಿದರೂ, ಓದಿ ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕುತ್ತ ಕೂರುವುದಿಲ್ಲ. (ಮೊದಲ ಒಂದು ಗಂಟೆ ಹಾಕಬಹುದು. ಅಷ್ಟಕ್ಕೆ ಕ್ಷಮೆಯಿರಲಿ.)

ಒಂದು ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ಅಪ್ಪ ಆಸ್ಪತ್ರೆಯಲ್ಲಿದ್ದ ವಾರ ನೀನು ದಿನವೂ ಸಂಜೆ ಬಂದು, ಆ ದಿನದ ನೋಟ್ಸ್ ಕೊಟ್ಟು, ಅಮ್ಮನೊಂದಿಗೆ ಅರ್ಧ ಗಂಟೆ ಕೂತು ಹೋಗುತ್ತಿದ್ದೆ. ಅದನ್ನು ನಾನು ಪ್ರೀತಿಯ ಸುಳಿವೆಂದು ಓದಿಕೊಂಡಿಲ್ಲ. ನಮ್ಮ ಐವರಲ್ಲಿ ಯಾರಿಗೆ ಹಾಗಾಗಿದ್ದರೂ ನೀನು ಹಾಗೆಯೇ ಬರುತ್ತಿದ್ದೆ ಎಂಬುದು ನನಗೆ ಗೊತ್ತು. ಹಾಗಾಗಿ, ಎಲ್ಲಿ ಇವಳಿಗೆ ತಪ್ಪು ಭಾವನೆ ಕೊಟ್ಟೆನೋ, ಹತ್ತಿರವಾಗಿ ನಡೆದುಕೊಂಡದ್ದೇ ತಪ್ಪಾಯಿತೋ ಎಂದು ನೀನು ಹಿಂದಿನದನ್ನೆಲ್ಲ ಕೆದಕಿ ನೋಡುವ ಅಗತ್ಯವಿಲ್ಲ. ನಿನ್ನ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಇದು ನನ್ನಲ್ಲಿ ಹುಟ್ಟಿದ್ದು, ನೀನು ಇಲ್ಲವೆಂದರೆ ಇದನ್ನು ಸಂಭಾಳಿಸುವ ಕೆಲಸವೂ ನನ್ನದೇ.

ಇಲ್ಲವೆಂದರೆ ನನಗೆ ನೋವೇ ಆಗುವುದಿಲ್ಲವೆಂದು ಸುಳ್ಳು ಹೇಳಲಾರೆ. ಆಗುತ್ತದೆ. ಕೆಲವು ದಿನ ನಾನು ಮಾತು ಕಡಿಮೆ ಮಾಡಬಹುದು, ನಿನಗೂ ನನ್ನಿಂದ ಸ್ವಲ್ಪ ದೂರ ಬೇಕೆನಿಸಬಹುದು. ಹಾಗೆನಿಸಿದರೆ ಸಂಕೋಚಪಡದೆ ದೂರವಿರು. ಎಲ್ಲವೂ ಮೊದಲಿನಂತೆಯೇ ಇರಬೇಕೆಂಬ ಷರತ್ತನ್ನು ನಾನು ಹಾಕುತ್ತಿಲ್ಲ, ಏಕೆಂದರೆ ‘ಸ್ನೇಹವನ್ನಾದರೂ ಉಳಿಸಿಕೊಡು’ ಎಂದು ಕೇಳುವುದೂ ಒಂದು ಬಗೆಯ ಒತ್ತಾಯವೇ ಎಂದು ನನಗೆ ಈಚೆಗೆ ಅನಿಸತೊಡಗಿದೆ. ಸ್ನೇಹ ಉಳಿದರೆ ನನಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ಆದರೆ ಅದನ್ನೂ ನೀನು ನಿನ್ನ ಇಷ್ಟದಿಂದ, ನಿನಗೆ ಸರಿಕಂಡ ಹೊತ್ತಿಗೆ ತೀರ್ಮಾನಿಸು.

ನಮ್ಮ ಗುಂಪಿನ ಉಳಿದ ಮೂವರಿಗೆ ನಾನು ಈ ವಿಷಯ ಹೇಳಿಲ್ಲ, ಮುಂದೆಯೂ ಹೇಳುವುದಿಲ್ಲ. ನಿನಗೆ ಯಾರೊಂದಿಗಾದರೂ ಮಾತನಾಡಿ ಮನಸ್ಸು ಹಗುರ ಮಾಡಿಕೊಳ್ಳಬೇಕೆನಿಸಿದರೆ ಮಾತನಾಡು, ಗುಟ್ಟಾಗಿಡುವ ಹೊರೆಯನ್ನು ನಿನ್ನ ಮೇಲೆ ಹೊರಿಸುವುದಿಲ್ಲ. ಫಲಿತಾಂಶದ ದಿನ ಐವರೂ ಸೇರಬೇಕೆಂದು ಮಾತಾಗಿತ್ತಲ್ಲ, ಅಂದು ನಾನಿದ್ದರೆ ನಿನಗೆ ಮುಜುಗರವೆನಿಸುವುದಾದರೆ ಹಿಂದಿನ ದಿನ ಒಂದು ಸಾಲು ತಿಳಿಸು, ನಾನು ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತೇನೆ. ನೀನೇ ತಪ್ಪಿಸಿಕೊಳ್ಳುವುದು ಮಾತ್ರ ಬೇಡ.

ಒಂದು ವೇಳೆ ನಿನ್ನ ಮನಸ್ಸಿನಲ್ಲೂ ಏನಾದರೂ ಇದ್ದರೆ, ಅಥವಾ ಇದೆಯೋ ಇಲ್ಲವೋ ಎಂದು ನಿನಗೇ ಇನ್ನೂ ತಿಳಿಯದಿದ್ದರೆ, ಅದಕ್ಕೂ ಅವಸರವಿಲ್ಲ. ನೀನು ಮುಂದಿನ ತಿಂಗಳು ಎಂ.ಎಸ್ಸಿ.ಗೆ ಬೇರೆ ಊರಿಗೆ ಹೋಗುವವನು, ನಾನು ಇಲ್ಲೇ ಕೆಲಸಕ್ಕೆ ಸೇರುವವಳು. ಹೋಗುವ ಮುನ್ನ ಉತ್ತರ ಸಿಗಲೇಬೇಕೆಂಬ ಹಟದಿಂದ ಈಗ ಬರೆದದ್ದಲ್ಲ. ಹೇಳದೆಯೇ ನಿನ್ನನ್ನು ಕಳುಹಿಸಿಕೊಟ್ಟು, ಆಮೇಲೆ ಪ್ರತಿ ಸಲ ನೀನು ಫೋನ್ ಮಾಡಿದಾಗಲೂ ಏನೂ ಇಲ್ಲದವಳಂತೆ ಮಾತನಾಡುವುದು ನನ್ನಿಂದ ಆಗದು ಎಂಬ ಕಾರಣಕ್ಕೆ ಬರೆದೆ. ಅಂಥ ನಾಟಕದಿಂದ ನಿನಗೂ ಮೋಸ ಮಾಡಿದಂತಾಗುತ್ತಿತ್ತು. ‘ಯೋಚಿಸಬೇಕು’ ಎಂದು ನೀನು ಹೇಳಿದರೆ ನಾನು ಅದನ್ನು ಅಷ್ಟೇ ಎಂದು ತಿಳಿಯುತ್ತೇನೆ, ಅರ್ಧ ಒಪ್ಪಿಗೆಯೆಂದು ಹಿಗ್ಗುವುದಿಲ್ಲ. ಯೋಚಿಸಿದ ಮೇಲೆ ಇಲ್ಲವೆನಿಸಿದರೂ ಮಾತು ತಪ್ಪಿದೆನೆಂದು ನೀನು ನೊಂದುಕೊಳ್ಳಬೇಕಾಗಿಲ್ಲ.

ಇದನ್ನು ಬರೆದು, ಅಳಿಸಿ, ಮತ್ತೆ ಬರೆಯುವುದರಲ್ಲಿ ಮೂರು ರಾತ್ರಿ ಕಳೆದಿವೆ. ಹಿಂದಿನ ಎರಡು ಸಲ ಬರೆದವು ಇದಕ್ಕಿಂತ ಚೆಂದವಾಗಿದ್ದವು, ಆದರೆ ಎರಡರಲ್ಲೂ ಎಲ್ಲೋ ಒಂದು ಕಡೆ ನಿನ್ನಿಂದ ಹೌದು ಎನ್ನಿಸುವ ಜಾಣತನ ನುಸುಳಿಕೊಂಡಿತ್ತು. ಹಾಗಾಗಿ ಅವನ್ನು ಅಳಿಸಿದೆ.

ನಿನ್ನ ಭೌತರಸಾಯನದ ನೋಟ್ಸ್ ಇನ್ನೂ ನನ್ನ ಹತ್ತಿರವೇ ಇದೆ. ಎಂ.ಎಸ್ಸಿ.ಗೆ ಅದು ಬೇಕಾಗುತ್ತದೆಂದು ನೀನು ಹೇಳಿದ್ದೆ. ಅದನ್ನು ತೆಗೆದುಕೊಳ್ಳುವ ಸಲುವಾಗಿ ನನ್ನನ್ನು ಭೇಟಿಯಾಗಲೇಬೇಕೆಂಬ ಇಕ್ಕಟ್ಟು ನಿನಗೆ ಬರಬಾರದೆಂದು, ಸೋಮವಾರ ಬೆಳಿಗ್ಗೆ ಗ್ರಂಥಾಲಯದ ಪುಸ್ತಕಗಳನ್ನು ಹಿಂದಿರುಗಿಸಲು ಹೋದಾಗ ಅಲ್ಲಿನ ಕೌಂಟರಿನಲ್ಲಿ ನಿನ್ನ ಹೆಸರು ಬರೆದು ಇಟ್ಟಿರುತ್ತೇನೆ. ಕೊನೆಯ ಅಧ್ಯಾಯದ ಎರಡು ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಅವು ಲೆಕ್ಕದ ತಪ್ಪುಗಳು, ಬೇರೇನೂ ಅಲ್ಲ.

ಇತಿ,
ನಿನ್ನ ಪಕ್ಕದ ಮೇಜಿನವಳು