ಕೃತಜ್ಞತೆಗಳು

‘ಮೂಡಿಗೆರೆ ಮತ್ತು ಸಕಲೇಶಪುರ ತಾಲ್ಲೂಕುಗಳ ಕಾಫಿ ತೋಟದ ಹೆಣ್ಣಾಳುಗಳು: ಬದುಕು ಮತ್ತು ಮೌಖಿಕ ಕಥನ’ ಎಂಬ ಈ ಮಹಾಪ್ರಬಂಧವನ್ನು ಕುವೆಂಪು ವಿಶ್ವವಿದ್ಯಾಲಯಕ್ಕೆ ಸಲ್ಲಿಸುತ್ತಿರುವ ಈ ಹೊತ್ತಿನಲ್ಲಿ ಮೊದಲು ನೆನೆಯಬೇಕಾದವರು ನನ್ನ ಮಾರ್ಗದರ್ಶಕರು. ಅವರ ಹೆಸರು ಮುಖಪುಟದಲ್ಲಿದೆ. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ.

ಮೇಡಂ ಅಧ್ಯಾಯಗಳನ್ನು ಓದಿದ್ದಷ್ಟೇ ಅಲ್ಲ, ನಾನು ರೆಕಾರ್ಡರಿನಲ್ಲಿ ಮುದ್ರಿಸಿಕೊಂಡು ಬಂದ ಮಾತುಗಳನ್ನು ಕೂತು ಕೇಳಿದರು. ಮೊದಲ ಕರಡಿನ ಅಂಚಿನಲ್ಲಿ ಅವರು ಪೆನ್ಸಿಲ್‌ನಲ್ಲಿ ಮತ್ತೆ ಮತ್ತೆ ಬರೆದ ಪ್ರಶ್ನೆ ಒಂದೇ: ‘ಇದನ್ನು ಹೇಳಿದ್ದು ಯಾರು?’ ಹೇಳಿದವರ ಊರು, ವಯಸ್ಸು, ಯಾವ ಕೆಲಸದ ನಡುವೆ ಹೇಳಿದರು ಎಂಬುದೆಲ್ಲ ಪ್ರಬಂಧದೊಳಗೆ ಬಂದದ್ದು ಆ ಪ್ರಶ್ನೆಯಿಂದ. ಆಳುಗಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡ, ಅವರು ಆಡಿದ ಹಾಗೇ ಇರಲಿ ಎಂದು ಹಟ ಹಿಡಿದವರೂ ಅವರೇ. ಈ ಪುಟಗಳನ್ನು ತೋರಿಸಿದಾಗಲೂ ಹೊಗಳಿಕೆಯ ಸಾಲುಗಳಿಗೆ ಗೀಟು ಎಳೆದು, ‘ಎಂಥವರು ಅಂತ ಬೇಡ, ಏನು ಮಾಡಿದರು ಅಂತ ಬರಿ’ ಎಂದರು. ಹಾಗೆಯೇ ಬರೆದಿದ್ದೇನೆ. ಮೇಡಂ, ನಿಮಗೆ ನಾನು ಋಣಿ.

ಕನ್ನಡ ಭಾರತಿಯ ಅಧ್ಯಾಪಕರಿಗೂ ಕಚೇರಿ ಸಿಬ್ಬಂದಿಗೂ ನನ್ನ ನಮಸ್ಕಾರಗಳು. ಪೂರ್ವಭಾವಿ ಮಂಡನೆಯಲ್ಲಿ ಎರಡನೆಯ ಮತ್ತು ಐದನೆಯ ಅಧ್ಯಾಯಗಳ ಬಗ್ಗೆ ಬಂದ ಆಕ್ಷೇಪಗಳಿಂದ ಆ ಎರಡೂ ಅಧ್ಯಾಯಗಳು ಗಟ್ಟಿಯಾದವು. ಯುಜಿಸಿಯ ಜೆಆರ್‌ಎಫ್ ಶಿಷ್ಯವೇತನ ಇಲ್ಲದಿದ್ದರೆ ನಾನು ಕೆಲಸ ಹುಡುಕಿಕೊಂಡು ಹೋಗಬೇಕಿತ್ತು. ಆ ನೆರವನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಈ ಪ್ರಬಂಧ ನಿಂತಿರುವುದು ತೋಟಗಳಲ್ಲಿ ದುಡಿಯುವ, ದುಡಿದು ಬಿಟ್ಟ ಹೆಂಗಸರ ಮಾತಿನ ಮೇಲೆ. ಒಳಗೆಲ್ಲ ಅವರ ಹೆಸರು ಬದಲಿಸಿದ್ದೇನೆ. ಅದು ನಾವು ಮಾತಾಡಿಕೊಂಡ ಕರಾರು. ಆದ್ದರಿಂದ ಇಲ್ಲೂ ಹೆಸರು ಬರೆಯುವಂತಿಲ್ಲ. ಆದರೆ ಅವರು ಕೊಟ್ಟದ್ದು ಏನು ಎಂಬುದನ್ನು ಬರೆಯದೆ ಇರಲಾರೆ.

ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಹೆಚ್ಚಿನ ಕಡೆ ಕೂಲಿ ಕೆಜಿ ಲೆಕ್ಕದಲ್ಲಿ. ಮಾತಿಗೆ ಕೈ ನಿಂತರೆ ಆ ದಿನದ ದುಡ್ಡು ಕಡಿಮೆ. ಅದು ಗೊತ್ತಿದ್ದೂ ಅವರು ನನ್ನನ್ನು ಪಕ್ಕದ ಗಿಡಕ್ಕೆ ಕರೆದು, ಕೊಯ್ಯುತ್ತಲೇ ಮಾತಾಡಿದರು. ಸಂಜೆ ತೂಕಕ್ಕೆ ಮುಂಚೆ ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಕಾಯಿ ಆರಿಸುತ್ತಾ ಕೂರುವ ಹೊತ್ತು ಇರುತ್ತದಲ್ಲ, ಪ್ರಬಂಧದ ಮೂರನೆಯ ಅಧ್ಯಾಯದ ಹೆಚ್ಚಿನ ಮಾತುಗಳು ಆ ಹೊತ್ತಿನವು. ಬೆರಳು ಹಸಿರು ಕಾಯಿಯನ್ನು ಅತ್ತ ತಳ್ಳುತ್ತಿದ್ದರೆ, ಬಾಯಲ್ಲಿ ಮದುವೆ, ಸಾಲ, ಬಾಣಂತನದ ಕತೆ. ಧ್ವನಿಮುದ್ರಿಕೆಯಲ್ಲಿ ಮಾತಿನ ಹಿಂದೆ ಕಾಯಿ ಉದುರುವ ಸದ್ದೂ ಇದೆ. ಆ ಹೊತ್ತನ್ನು ನನಗೆ ಬಿಟ್ಟುಕೊಟ್ಟ ಎಲ್ಲ ಅಕ್ಕಂದಿರಿಗೆ, ಅಜ್ಜಿಯರಿಗೆ ನನ್ನ ನಮಸ್ಕಾರ.

ಬಾಳೂರು ಕಡೆಯ ಒಬ್ಬರು ಅಜ್ಜಿಯನ್ನು ಬೇರೆಯಾಗಿಯೇ ನೆನೆಯಬೇಕು. 50 ಅಥವಾ ಅದಕ್ಕಿಂತ ಜಾಸ್ತಿ ಹೆಣ್ಣಾಳುಗಳಿರುವ ತೋಟದಲ್ಲಿ ಕೂಸುಗಳಿಗೆ ಶಿಶುವಿಹಾರ ಇರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿತ್ತು. ನಾನು ಅದನ್ನು ಓದಿಕೊಂಡು ಹೋಗಿದ್ದೆ. ಅಜ್ಜಿ ಅಂಥದೇ ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಂಡವರು. ಮಗುವಿಗೆ ಹಾಲು ಕುಡಿಸಲು ತಾಯಂದಿರು ಯಾವ ಗುಡ್ಡದಿಂದ ಇಳಿದು ಬರುತ್ತಿದ್ದರು, ಮೇಸ್ತ್ರಿ ಎಷ್ಟು ಹೊತ್ತು ಬಿಡುತ್ತಿದ್ದ, ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಒಲೆಯ ಮೇಲೆ ಹೇಗೆ ಒಣಗಿಸುತ್ತಿದ್ದರು ಎಂದೆಲ್ಲ ಅವರು ಬಿಡಿಸಿ ಹೇಳಿದರು. ನಾಲ್ಕನೆಯ ಅಧ್ಯಾಯ ಪೂರ್ತಿ ಅವರ ಮಾತಿನಿಂದ ಹುಟ್ಟಿದ್ದು. ಪ್ರಬಂಧ ಮುಗಿಯುವ ಮುಂಚೆಯೇ ಅವರು ತೀರಿಕೊಂಡರು. ಆ ಅಧ್ಯಾಯವನ್ನು ಅವರ ಮಗಳ ಮುಂದೆ ಓದಿದೆ. ಎರಡು ಕಡೆ ಅವರು ತಿದ್ದಿದರು, ತಿದ್ದಿದ್ದು ಹಾಗೇ ಉಳಿದಿದೆ.

ಘಟ್ಟದ ಕೆಳಗಿನಿಂದ ಬಂದು ಇಲ್ಲೇ ನೆಲೆಯಾದವರ ತುಳುವನ್ನೂ, ತೋಟದ ಆಳುಗಳು ಇರುವ ಲೈನ್ ಮನೆಗಳ ಹಿರಿಯರ ತಮಿಳನ್ನೂ ನನಗೆ ಸಾಲು ಸಾಲಾಗಿ ಬಿಡಿಸಿ ಹೇಳಿದವರು ಸಕಲೇಶಪುರದ ಇಬ್ಬರು ಶಾಲಾ ಶಿಕ್ಷಕಿಯರು. ಶಾಲೆ ಮುಗಿಸಿ, ಮನೆ ಕೆಲಸ ಮುಗಿಸಿ, ರಾತ್ರಿ ಹೊತ್ತು ಫೋನಿನಲ್ಲಿ ಕೇಳಿಸಿಕೊಂಡು ಅರ್ಥ ಹೇಳುತ್ತಿದ್ದರು. ಸಂಭಾವನೆ ಬೇಡವೇ ಬೇಡ ಎಂದರು. ಅವರ ಶ್ರಮ ಇಲ್ಲಿ ದಾಖಲಾಗಲಿ.

ತೋಟದೊಳಗೆ ಓಡಾಡಲು, ಆಳುಗಳ ಜೊತೆ ಒಬ್ಬಳೇ ಕೂತು ಮಾತಾಡಲು ಒಪ್ಪಿದ ತೋಟದ ಮಾಲೀಕರಿಗೆ ವಂದನೆಗಳು. ಕೆಲವು ತೀರ್ಮಾನಗಳು ಅವರಿಗೆ ಹಿಡಿಸದೇ ಇರಬಹುದು ಎಂದು ಮೊದಲೇ ಹೇಳಿದ್ದೆ. ಆದರೂ ಆಳುಗಳ ಹಾಜರಿ, ಕೂಲಿ ಬರೆದಿಟ್ಟ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು ತೆಗೆದು ಕೊಟ್ಟರು. ಅವನ್ನು ಓದುವುದು ಹೇಗೆ ಎಂದು ಕಲಿಸಿದವರು ತೋಟದ ಲೆಕ್ಕ ಬರೆಯುತ್ತಿದ್ದ ನಿವೃತ್ತ ರೈಟರ್ ಒಬ್ಬರು. ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಕೊಡಬೇಕಿದ್ದ ಪೂಲಿಂಗ್ ಕಾಲ ಹೇಗಿತ್ತು, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಬಟವಾಡೆಯ ದಿನ ಏನೇನು ಬದಲಾಯಿತು ಎಂದು ಅವರು ವಿವರಿಸಿದ ಮೇಲೆಯೇ ನನಗೆ ಆ ಅಂಕಿಗಳು ಅರ್ಥವಾದದ್ದು.

ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಗ್ರಂಥಾಲಯದವರು ‘ಇಂಡಿಯನ್ ಕಾಫಿ’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನೋಡಲು ಕೊಟ್ಟರು. ಬೆಂಗಳೂರಿನ ರಾಜ್ಯ ಪತ್ರಾಗಾರದ ಸಿಬ್ಬಂದಿ ಮೈಸೂರು ಸರ್ಕಾರದ ಕಾಲದ ಕಡತಗಳನ್ನು ಹುಡುಕಿಕೊಟ್ಟರು. ಇಬ್ಬರಿಗೂ ಧನ್ಯವಾದಗಳು.

2019ರ ಆಗಸ್ಟ್ ಮಳೆಗೆ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಕುಸಿದು, ಚಾರ್ಮಾಡಿ ಘಾಟಿ ಬಂದಾದಾಗ ಕೊಟ್ಟಿಗೆಹಾರದ ಒಂದು ಮನೆಯವರು ನನ್ನನ್ನು ಉಳಿಸಿಕೊಂಡರು. ಕರೆಂಟಿರಲಿಲ್ಲ. ರೆಕಾರ್ಡರು, ನೋಟ್ ಪುಸ್ತಕಗಳನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಕಾಪಾಡಿದ್ದು ಆ ಮನೆಯ ಅತ್ತಿಗೆ. ಅವರದೇ ತೋಟದ ಅಂಚು ಜಾರಿಹೋಗಿತ್ತು. ಆದರೂ ನನ್ನ ಪುಸ್ತಕ ಒದ್ದೆಯಾಗದಂತೆ ನೋಡಿಕೊಂಡರು. ಅದನ್ನು ಮರೆಯಲಾಗದು.

ಬೆರಳಚ್ಚು ಮಾಡಿಕೊಟ್ಟ ಮೂಡಿಗೆರೆಯ ತಂಗಿಗೆ ವಿಶೇಷ ಧನ್ಯವಾದ. ನುಡಿ ತಂತ್ರಾಂಶದಲ್ಲಿದ್ದ ಅಧ್ಯಾಯಗಳನ್ನು ಯುನಿಕೋಡ್‌ಗೆ ಬದಲಿಸಿದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿಯಾದವು. ಆಕೆ ಕೂತು ಒಂದೊಂದೇ ಪುಟ ಸರಿ ಮಾಡಿದಳು. ‘ಅಕ್ಕಾ, ಇದು ಹಿಂದಿನ ಪುಟದಲ್ಲಿ ಬೇರೆ ಥರ ಇದೆ, ಅಲ್ವಾ?’ ಎಂದು ಆಕೆ ಕೇಳಿದ್ದರಿಂದಲೇ ಊರಿನ ಹೆಸರುಗಳು ಎಲ್ಲ ಕಡೆ ಒಂದೇ ರೀತಿ ಬಂದಿವೆ. ಹಾಸ್ಟೆಲಿನ ಗೆಳತಿಯರು ಕರಡು ಓದಿದರು, ಜಗಳವಾಡಿದರು, ಊಟ ತೆಗೆದಿಟ್ಟರು.

ಅವ್ವ ಇದೇ ತಾಲ್ಲೂಕಿನ ತೋಟದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದಳು. ಯಾವ ಲೈನ್ ಮನೆಗೆ ಹೋದರೂ ಅವಳ ಮಗಳು ಎಂದ ಕೂಡಲೇ ಚಾಪೆ ಹಾಸುತ್ತಿದ್ದರು. ಅಪ್ಪ, ಫೀಸು ಕಟ್ಟುವ ಕಾಲಕ್ಕೆ ಒಮ್ಮೆಯೂ ‘ಈ ಸಲ ಬೇಡ’ ಎನ್ನಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ‘ಅವಳ ಓದು ಮುಗಿಯಲಿ’ ಎಂದು ನೆಂಟರ ಬಾಯಿ ಮುಚ್ಚಿಸಿದ್ದು ತಮ್ಮ.

ಇಷ್ಟೊಂದು ಜನ ನೆರವಾಗಿದ್ದಾರೆ. ಆದರೂ ಇಲ್ಲಿನ ತೀರ್ಮಾನಗಳ ಹೊಣೆ ಪೂರ್ತಿ ನನ್ನದು. ಮಹಾಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಈ ಪ್ರಬಂಧ ಸಿಗುತ್ತದೆ. ಮಾತು ಕೊಟ್ಟ ಹೆಂಗಸರ ಮನೆಗಳಿಗೆ ಮಾತ್ರ, ಅವರವರ ಮುದ್ರಿಕೆಯನ್ನೂ ಅವರ ಮಾತಿರುವ ಪುಟಗಳನ್ನೂ ನಾನೇ ತಲುಪಿಸುತ್ತೇನೆ.

ಸಂಶೋಧನಾ ವಿದ್ಯಾರ್ಥಿನಿ
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ
ಮಾರ್ಚ್ 2023