3.2 ಮಿಶ್ರ ವಿಧಾನ ವಿನ್ಯಾಸದ ಆಯ್ಕೆ ಮತ್ತು ಅದರ ಸಮರ್ಥನೆ

ಮುಳಬಾಗಿಲು ತಾಲ್ಲೂಕಿನ ಆರು ಸರ್ಕಾರಿ ಶಾಲೆಗಳ ನಾಲ್ಕನೇ ತರಗತಿಯ ಮಕ್ಕಳ ಕನ್ನಡ ಓದನ್ನು ಈ ಅಧ್ಯಯನ ಎರಡು ಬಗೆಯಲ್ಲಿ ನೋಡಿದೆ. ಮೊದಲು ಪರೀಕ್ಷೆಯ ಅಂಕಗಳಿಂದ, ಆಮೇಲೆ ಮಕ್ಕಳ ಜೊತೆ ಕೂತು ಆಡಿದ ಮಾತಿನಿಂದ. ಒಂದೇ ವಿಧಾನ ಸಾಕಾಗಲಿಲ್ಲವೇಕೆ, ಎರಡನ್ನು ಈ ಕ್ರಮದಲ್ಲೇ ಏಕೆ ಜೋಡಿಸಲಾಯಿತು ಎಂಬುದನ್ನು ಈ ಭಾಗ ವಿವರಿಸುತ್ತದೆ.

ಪೂರ್ವಸಿದ್ಧತಾ ಅಧ್ಯಯನದಲ್ಲಿ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ವಿನ್ಯಾಸದ ಬಗ್ಗೆ ನನ್ನ ನಿಲುವು ಬದಲಾದದ್ದು ಅಲ್ಲಿಂದಲೇ. ಆಗ ನನ್ನ ಬಳಿ ಇದ್ದದ್ದು ಬರೀ ಪರೀಕ್ಷೆಯ ಯೋಜನೆ. ಮಕ್ಕಳು ಒಂದು ಸಣ್ಣ ಕತೆಯನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಕೇಳಿದ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ ಹೇಳಬೇಕು. ಕತೆಯಲ್ಲಿ ‘ಅಣ್ಣ ತನ್ನ ಪಾಲನ್ನು ತಮ್ಮನಿಗೆ ಕೊಟ್ಟ’ ಎಂಬ ವಾಕ್ಯವಿತ್ತು. ‘ಅಣ್ಣ ಏನು ಕೊಟ್ಟ?’ ಎಂದಾಗ ಒಬ್ಬ ಹುಡುಗ ಸುಮ್ಮನೆ ನೆಲ ನೋಡುತ್ತ ಕೂತ. ಇನ್ನೊಬ್ಬಳು ತಡವರಿಸದೆ ‘ಹಾಲು’ ಎಂದಳು. ಇಬ್ಬರಿಗೂ ಸೊನ್ನೆ ಅಂಕ. ಆದರೆ ಆ ಹುಡುಗಿಯ ಮನೆಮಾತು ತೆಲುಗು. ದಿನನಿತ್ಯದ ತೆಲುಗಿನಲ್ಲಿ ‘ಪಾಲು’ ಎಂದರೆ ಹಾಲು. ಅವಳು ಅಕ್ಷರ ಬಿಡದೆ ಓದಿದ್ದಳು, ಓದಿದ್ದಕ್ಕೆ ಅರ್ಥವನ್ನೂ ಹುಡುಕಿದ್ದಳು. ಅರ್ಥ ಸಿಕ್ಕಿದ್ದು ಮನೆಯ ಭಾಷೆಯಲ್ಲಿ, ಅಷ್ಟೆ. ಹುಡುಗನದು ಬೇರೆಯೇ ತೊಡಕು. ಅವನು ಒಂದೊಂದು ಒತ್ತಕ್ಷರದ ಮುಂದೆಯೂ ನಿಂತು, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿರುತ್ತಿದ್ದ. ಅಂಕಪಟ್ಟಿಯಲ್ಲಿ ಈ ಎರಡು ಸೊನ್ನೆಗಳ ನಡುವೆ ಯಾವ ಅಂತರವೂ ಕಾಣುವುದಿಲ್ಲ. ತರಗತಿಯಲ್ಲಿ ಮಾತ್ರ ಇಬ್ಬರಿಗೂ ಮಾಡಬೇಕಾದ ಪಾಠ ಪೂರ್ತಿ ಬೇರೆ.

ಹಾಗೆಂದು ಪರೀಕ್ಷೆಯನ್ನು ಕೈಬಿಟ್ಟು ಮಾತುಕತೆ, ವೀಕ್ಷಣೆಗಳನ್ನಷ್ಟೇ ನೆಚ್ಚಿಕೊಳ್ಳುವಂತೆಯೂ ಇರಲಿಲ್ಲ. ಅದೇ ಶಾಲೆಯ ಶಿಕ್ಷಕಿ ಒಬ್ಬ ಬಾಲಕಿಯನ್ನು ತೋರಿಸಿ ‘ಇವಳಿಗೆ ಓದೋಕೇ ಬರಲ್ಲ ಮೇಡಂ’ ಎಂದಿದ್ದರು. ನಾಲ್ಕು ದಿನ ಹಿಂದಿನ ಸಾಲಿನಲ್ಲಿ ಕೂತು ನೋಡಿದ ನನಗೂ ಹಾಗೇ ಕಂಡಿತ್ತು. ಅವಳು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಬ್ಬಳನ್ನೇ ಜಗಲಿಯಲ್ಲಿ ಕೂರಿಸಿ ಓದಿಸಿದಾಗ ಇಡೀ ಕತೆಯನ್ನು ಓದಿದಳು, ಹೆಚ್ಚಿನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದಳು. ಶಿಕ್ಷಕಿಯ ಅನುಭವ, ನನ್ನ ವೀಕ್ಷಣೆ ಎರಡೂ ಅವಳ ಮೌನವನ್ನು ಅಸಾಮರ್ಥ್ಯ ಎಂದು ಓದಿದ್ದವು. ಎಲ್ಲ ಮಕ್ಕಳಿಗೂ ಒಂದೇ ರೀತಿ ಕೊಟ್ಟ ಪರೀಕ್ಷೆ ಆ ತಪ್ಪನ್ನು ತಿದ್ದಿತು. ಹನ್ನೊಂದು ವರ್ಷ ಇದೇ ಜಿಲ್ಲೆಯಲ್ಲಿ ಪಾಠ ಮಾಡಿದವಳಿಗೆ ಇದು ಸುಲಭವಾಗಿ ಜೀರ್ಣವಾಗುವ ವಿಷಯವಲ್ಲ. ಆದ್ದರಿಂದಲೇ ಇಲ್ಲಿ ದಾಖಲಿಸುತ್ತಿದ್ದೇನೆ.

ಅಂಕ ನನಗೆ ಎಷ್ಟು ಮಕ್ಕಳು, ಎಷ್ಟರ ಮಟ್ಟಿಗೆ ಎಂದು ಹೇಳುತ್ತದೆ. ಏಕೆ ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ. ಮಗುವಿನ ಮಾತು ಏಕೆ ಎಂಬುದನ್ನು ಬಿಡಿಸಿ ತೋರಿಸುತ್ತದೆ, ಆದರೆ ಅದು ಒಂದು ಮಗುವಿನ ಕತೆಯೋ ತರಗತಿಯ ಅರ್ಧದಷ್ಟು ಮಕ್ಕಳ ಕತೆಯೋ ಎಂದು ಹೇಳಲಾರದು. ಈ ಅಧ್ಯಯನದ ಮೂರು ಪ್ರಶ್ನೆಗಳು ಈ ಎರಡೂ ಕಡೆ ಕಾಲಿಟ್ಟಿವೆ. ಮಕ್ಕಳು ಇಬ್ಬರಿಬ್ಬರಾಗಿ ಕೂತು ಒಬ್ಬರಿಗೊಬ್ಬರು ನೆರವಾಗುತ್ತ ಓದುವ ಜೋಡಿ ಓದು ಹನ್ನೆರಡು ವಾರ ನಡೆದರೆ ಮಕ್ಕಳ ಓದಿನ ಸರಾಗತೆ ಮತ್ತು ಗ್ರಹಿಕೆ ಹೆಚ್ಚುತ್ತವೆಯೇ ಎಂಬುದು ಮೊದಲನೆಯದು. ಸರಾಗತೆ ಹೆಚ್ಚಿದರೂ ಗ್ರಹಿಕೆ ಹೆಚ್ಚದ ಮಕ್ಕಳು ಪಠ್ಯವನ್ನು ಹೇಗೆ ಓದುತ್ತಾರೆ ಎಂಬುದು ಎರಡನೆಯದು. ಮನೆಮಾತು ತೆಲುಗಾದಾಗ ಜೋಡಿಯೊಳಗಿನ ಮಾತುಕತೆ ಆ ಗ್ರಹಿಕೆಗೆ ನೆರವಾಗುತ್ತದೆಯೇ, ನೆರವಾಗುವುದಾದರೆ ಹೇಗೆ ಎಂಬುದು ಮೂರನೆಯದು. ಮೊದಲನೆಯದಕ್ಕೆ ಅಳತೆ ಬೇಕು. ಎರಡನೆಯದು ಅಳತೆ ಇಲ್ಲದೆ ಹುಟ್ಟುವುದೇ ಇಲ್ಲ, ಬರೀ ಅಳತೆಯಿಂದ ಬಗೆಹರಿಯುವುದೂ ಇಲ್ಲ. ವಿನ್ಯಾಸ ಈ ಎರಡನೆಯ ಪ್ರಶ್ನೆಯ ಸುತ್ತ ಕಟ್ಟಿದ್ದು.

ನಾಲ್ಕನೇ ತರಗತಿಯನ್ನೇ ಆರಿಸಿದ್ದಕ್ಕೂ ಇದಕ್ಕೂ ಸಂಬಂಧವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಪದ್ಧತಿ. ಅಲ್ಲಿ ಮಗು ಕಾರ್ಡು ಹಿಡಿದು, ತನ್ನದೇ ವೇಗದಲ್ಲಿ ಏಣಿಯ ಮೈಲಿಗಲ್ಲುಗಳನ್ನು ದಾಟುತ್ತದೆ, ಗುಂಪಿನಲ್ಲಿ ಗೆಳೆಯರ ನೆರವು ಪಡೆಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಇಡೀ ತರಗತಿಗೆ ಒಂದೇ ಪಠ್ಯಪುಸ್ತಕ, ಒಂದೇ ಪುಟ. ಜೋಡಿ ಓದು ಗೆಳೆಯರ ಆ ನೆರವನ್ನು ಪಠ್ಯಪುಸ್ತಕದ ತರಗತಿಗೂ ಕರೆತರುವ ಪ್ರಯತ್ನ. ನೆರವು ಎಂಬುದು ಇಬ್ಬರ ನಡುವೆ ನಡೆಯುವ ಕ್ರಿಯೆ. ಅದರ ಫಲವನ್ನು ಪರೀಕ್ಷೆಯಲ್ಲಿ ಎಣಿಸಬಹುದು. ಅದು ನಡೆಯುವ ಬಗೆಯನ್ನು ಕಿವಿಗೊಟ್ಟು ಕೇಳಬೇಕು.

ಅಳತೆಯ ಭಾಗದಲ್ಲಿ ಪೂರ್ವ ಮತ್ತು ಉತ್ತರ ಪರೀಕ್ಷೆಗಳಿರುವ ಅರೆಪ್ರಾಯೋಗಿಕ ವಿನ್ಯಾಸವನ್ನು ಬಳಸಲಾಗಿದೆ. ಮೂರು ಶಾಲೆಗಳಲ್ಲಿ ಜೋಡಿ ಓದು, ಮೂರರಲ್ಲಿ ಎಂದಿನ ಪಾಠ, ಒಟ್ಟು 137 ಮಕ್ಕಳು. ಒಂದೇ ತರಗತಿಯ ಅರ್ಧ ಮಕ್ಕಳಿಗೆ ಚೀಟಿ ಎತ್ತಿ ಜೋಡಿ ಓದು ಕೊಟ್ಟು ಉಳಿದರ್ಧವನ್ನು ಸುಮ್ಮನೆ ಕೂರಿಸುವುದು ಆಗದ ಮಾತು. ಒಂದೇ ಕೋಣೆಯಲ್ಲಿ ಒಬ್ಬರದು ಇನ್ನೊಬ್ಬರಿಗೆ ಕೇಳಿಸುತ್ತದೆ, ಮಕ್ಕಳಿಗೆ ಅನ್ಯಾಯವೂ ಆಗುತ್ತದೆ. ಹೀಗಾಗಿ ಇಡೀ ತರಗತಿಯನ್ನೇ ಘಟಕವಾಗಿ ತೆಗೆದುಕೊಳ್ಳಲಾಯಿತು. ಇದರ ಬೆಲೆಯನ್ನು ಮುಚ್ಚಿಡಬಾರದು. ಒಂದು ತರಗತಿಯ ಮಕ್ಕಳು ಒಬ್ಬರೇ ಶಿಕ್ಷಕರ ಕೈಯಲ್ಲಿ ಕಲಿತವರು, ಅವರ ಅಂಕಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. 137 ಎಂಬ ಸಂಖ್ಯೆ ದೊಡ್ಡದೆನಿಸಿದರೂ ಹೋಲಿಕೆ ನಡೆಯುವುದು ಆರು ತರಗತಿಗಳ ನಡುವೆ. ಒಬ್ಬ ಶಿಕ್ಷಕರು ಹೆಚ್ಚು ಚುರುಕಾಗಿದ್ದರೆ ಅದರ ಪರಿಣಾಮವೂ ಜೋಡಿ ಓದಿನ ಲೆಕ್ಕಕ್ಕೆ ಸೇರಿಬಿಡಬಹುದು. ವೀಕ್ಷಣೆಯಿಂದ ಈ ದೋಷ ಮಾಯವಾಗುವುದಿಲ್ಲ, ಮಾಯವಾಗುತ್ತದೆ ಎಂದು ನಾನು ವಾದಿಸುತ್ತಲೂ ಇಲ್ಲ. ಜೋಡಿ ಓದು ನಿಜವಾಗಿ ನಡೆಯಿತೇ, ಎಷ್ಟು ದಿನ, ಯಾವ ರೂಪದಲ್ಲಿ ಎಂಬುದಕ್ಕೆ ಅದು ಸಾಕ್ಷಿ ಒದಗಿಸುತ್ತದೆ. ಆ ಸಾಕ್ಷಿ ಇಲ್ಲದೆ ಅಂಕದ ಏರಿಕೆಯನ್ನು ಜೋಡಿ ಓದಿನ ಫಲವೆಂದು ಕರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಅಳತೆಯ ಸಾಧನಗಳ ವಿವರ 3.5ರಲ್ಲಿದೆ. ಇಲ್ಲಿ ಒಂದನ್ನು ಮಾತ್ರ ಹೇಳಬೇಕು. ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುವ ರೂಢಿ ಇಂಗ್ಲಿಷ್ ಓದಿನ ಪರೀಕ್ಷೆಗಳಲ್ಲಿ ಬೇರೂರಿದೆ. ಕನ್ನಡದಲ್ಲಿ ‘ಬಂದ’ ಒಂದು ಪದ, ‘ಹೋಗಬೇಕಾಗಿತ್ತಂತೆ’ ಕೂಡ ಒಂದು ಪದ. ಅದಕ್ಕಾಗಿ ನಿಮಿಷಕ್ಕೆ ಸರಿಯಾಗಿ ಓದಿದ ಅಕ್ಷರಗಳನ್ನು ಎಣಿಸಲಾಯಿತು, ಒತ್ತಕ್ಷರಗಳ ತಪ್ಪನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು. ಏನನ್ನು ಎಣಿಸಬೇಕು ಎಂಬ ತೀರ್ಮಾನವೇ ಗುಣಾತ್ಮಕ ತಿಳಿವಳಿಕೆಯಿಂದ ಬಂದದ್ದು ಎಂಬುದು ಗಮನಿಸತಕ್ಕದ್ದು.

ಮಿಶ್ರ ವಿನ್ಯಾಸಗಳಲ್ಲಿ ಹಲವು ಬಗೆಗಳಿವೆ. ಎರಡೂ ದತ್ತಾಂಶವನ್ನು ಒಟ್ಟಿಗೆ ಸಂಗ್ರಹಿಸಿ ಕೊನೆಯಲ್ಲಿ ಹೋಲಿಸುವ ಸಮಾನಾಂತರ ವಿನ್ಯಾಸವನ್ನು ಮೊದಲು ಯೋಚಿಸಿದ್ದೆ. ಅದನ್ನು ಬಿಡಲು ಕಾರಣ ಎರಡನೆಯ ಪ್ರಶ್ನೆಯೇ: ಯಾವ ಮಕ್ಕಳ ಸರಾಗತೆ ಏರಿ ಗ್ರಹಿಕೆ ಏರಲಿಲ್ಲ ಎಂಬುದು ಉತ್ತರ ಪರೀಕ್ಷೆ ಮುಗಿಯುವ ತನಕ ಗೊತ್ತಾಗದು. ಗೊತ್ತಾಗುವ ಮೊದಲೇ ಸಂದರ್ಶನ ಮಾಡಿದರೆ ಮಾತಾಡಬಲ್ಲ, ಶಿಕ್ಷಕರು ಮುಂದೆ ತಳ್ಳುವ ಮಕ್ಕಳೇ ನನ್ನ ಮಾದರಿಯಾಗುತ್ತಾರೆ. ಜಗಲಿಯ ಆ ಬಾಲಕಿ ಹೊರಗೇ ಉಳಿಯುತ್ತಾಳೆ. ಸಂದರ್ಶನದಿಂದ ಶುರುಮಾಡಿ ಅದರ ಆಧಾರದ ಮೇಲೆ ಪರೀಕ್ಷೆ ರೂಪಿಸುವ ಶೋಧನಾತ್ಮಕ ಕ್ರಮ, ಅಳೆಯಬೇಕಾದ್ದು ಏನೆಂದೇ ತಿಳಿಯದ ಸಂದರ್ಭಕ್ಕೆ ಹೆಚ್ಚು ಒಪ್ಪುತ್ತದೆ. ಇಲ್ಲಿ ಹಾಗಿರಲಿಲ್ಲ.

ಆದ್ದರಿಂದ ಕ್ರೆಸ್ವೆಲ್ ಮತ್ತು ಪ್ಲಾನೋ ಕ್ಲಾರ್ಕ್ ಅವರ ವರ್ಗೀಕರಣದಲ್ಲಿ ವಿವರಣಾತ್ಮಕ ಅನುಕ್ರಮ ವಿನ್ಯಾಸ ಎನಿಸಿಕೊಳ್ಳುವ ಕ್ರಮವನ್ನು ಅನುಸರಿಸಲಾಗಿದೆ: ಮೊದಲು ಪರಿಮಾಣಾತ್ಮಕ ಹಂತ, ಅದರ ಫಲಿತಾಂಶವನ್ನು ವಿವರಿಸಲು ಗುಣಾತ್ಮಕ ಹಂತ. ಒಂದು ವ್ಯತ್ಯಾಸವಿದೆ. ಜೋಡಿ ಓದು ನಡೆಯುತ್ತಿದ್ದ ಹನ್ನೆರಡು ವಾರವೂ ತರಗತಿ ವೀಕ್ಷಣೆ ಮತ್ತು ಜೋಡಿಗಳ ಧ್ವನಿಮುದ್ರಣ ಜೊತೆಜೊತೆಗೇ ಸಾಗಿದವು, ಏಕೆಂದರೆ ಮುಗಿದುಹೋದ ತರಗತಿಯನ್ನು ಆಮೇಲೆ ವೀಕ್ಷಿಸಲಾಗದು. ಆ ಮಟ್ಟಿಗೆ ಇದು ಶುದ್ಧ ಅನುಕ್ರಮ ವಿನ್ಯಾಸವಲ್ಲ.

ಎರಡು ಹಂತಗಳು ಸೇರುವ ಮೊದಲ ಜಾಗ ಮಕ್ಕಳ ಆಯ್ಕೆ. ಜೋಡಿ ಓದಿನ ಮೂರು ಶಾಲೆಗಳ ಮಕ್ಕಳನ್ನು ಸರಾಗತೆಯ ಏರಿಕೆ ಮತ್ತು ಗ್ರಹಿಕೆಯ ಏರಿಕೆ ಎಂಬ ಎರಡು ಅಳತೆಗಳ ಮೇಲೆ ನಾಲ್ಕು ಗುಂಪಾಗಿ ವಿಂಗಡಿಸಲಾಯಿತು. ಸರಾಗತೆ ಏರಿ ಗ್ರಹಿಕೆ ಏರದ ಗುಂಪಿನಿಂದ ಒಂಬತ್ತು ಮಕ್ಕಳು, ಉಳಿದ ಮೂರು ಗುಂಪುಗಳಿಂದ ತಲಾ ಮೂವರು, ಒಟ್ಟು ಹದಿನೆಂಟು ಮಂದಿ. ಪ್ರತಿ ಮಗುವಿನ ಮುಂದೆ ಅದೇ ಮಗು ಉತ್ತರ ಪರೀಕ್ಷೆಯಲ್ಲಿ ಓದಿದ ಕತೆಯನ್ನಿಟ್ಟು, ಅದು ಹೇಳಿದ್ದ ಉತ್ತರಕ್ಕೇ ಮರಳಿ ಹೋಗಿ ‘ಹೀಗೆ ಯಾಕೆ ಅನ್ನಿಸಿತು ಪುಟ್ಟಾ?’ ಎಂದು ಕೇಳಲಾಯಿತು. ಮಗು ತೆಲುಗಿನಲ್ಲಿ ಹೇಳಿದರೆ ಮಾತುಕತೆ ತೆಲುಗಿನಲ್ಲೇ ಮುಂದುವರಿಯಿತು. ಎರಡೂ ಭಾಷೆ ಆಡಿಕೊಂಡೇ ಬೆಳೆದವಳಾದ್ದರಿಂದ ನನಗೆ ದುಭಾಷಿಯ ಅಗತ್ಯ ಬೀಳಲಿಲ್ಲ. ಎರಡನೆಯ ಜಾಗ ವಿಶ್ಲೇಷಣೆ. ಪ್ರತಿ ಮಗುವಿನ ಅಂಕ, ತಪ್ಪಿನ ಬಗೆ, ಜೋಡಿಯ ಮಾತು, ಸಂದರ್ಶನ ಇವನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಸಂಯುಕ್ತ ಕೋಷ್ಟಕ ಐದನೇ ಅಧ್ಯಾಯದಲ್ಲಿದೆ.

ಎರಡು ಬಗೆಯ ಸಾಕ್ಷ್ಯ ಒಂದನ್ನೊಂದು ಒಪ್ಪದಿದ್ದರೆ ಏನು ಮಾಡಬೇಕು? ಇದನ್ನು ದತ್ತಾಂಶ ಕೈಗೆ ಬರುವ ಮೊದಲೇ ತೀರ್ಮಾನಿಸಿಕೊಂಡೆ. ಜೆನ್ನಿಫರ್ ಗ್ರೀನ್ ಮತ್ತು ಸಂಗಡಿಗರು 1989ರಲ್ಲಿ ಮಿಶ್ರ ವಿಧಾನದ ಐದು ಉದ್ದೇಶಗಳನ್ನು ಗುರುತಿಸಿದರು: ಪರಸ್ಪರ ದೃಢೀಕರಣ, ಪೂರಕತೆ, ಒಂದರಿಂದ ಇನ್ನೊಂದರ ಬೆಳವಣಿಗೆ, ವಿರೋಧಗಳಿಂದ ಹೊಸ ಪ್ರಶ್ನೆ ಎತ್ತುವುದು, ವ್ಯಾಪ್ತಿಯ ವಿಸ್ತರಣೆ. ನನ್ನ ಮುಖ್ಯ ಉದ್ದೇಶ ಪೂರಕತೆ. ಆದರೆ ವಿರೋಧ ಕಂಡಲ್ಲಿ ಅಂಕವನ್ನಾಗಲಿ ಮಾತನ್ನಾಗಲಿ ತಾನಾಗಿ ಮೇಲು ಎಂದು ಹಿಡಿಯದೆ, ಎರಡನ್ನೂ ವರದಿ ಮಾಡಿ ಆ ವಿರೋಧವನ್ನೇ ಒಂದು ಫಲಿತಾಂಶವೆಂದು ಪರಿಗಣಿಸಲಾಗಿದೆ.

ವಸ್ತುನಿಷ್ಠ ಸತ್ಯವನ್ನು ನಂಬುವ ಅಳತೆಯೂ, ಅರ್ಥ ಜನರ ನಡುವೆ ಹುಟ್ಟುತ್ತದೆ ಎನ್ನುವ ಗುಣಾತ್ಮಕ ದೃಷ್ಟಿಯೂ ಒಂದೇ ಪ್ರಬಂಧದಲ್ಲಿ ಹೇಗೆ ಬಾಳುತ್ತವೆ ಎಂಬ ಆಕ್ಷೇಪ ಹಳೆಯದು. ಜಾನ್ ಡ್ಯೂಯಿ ಅವರ ವ್ಯಾವಹಾರಿಕವಾದದ ಜಾಡಿನಲ್ಲಿ ನಾನು ಉತ್ತರ ಕಂಡುಕೊಂಡಿದ್ದೇನೆ. ವಿಚಾರಣೆ ಹುಟ್ಟುವುದು ತೊಡಕಾದ ಒಂದು ಸನ್ನಿವೇಶದಿಂದ, ಆ ತೊಡಕನ್ನು ಬಿಡಿಸಲು ನೆರವಾಗುವುದರಲ್ಲೇ ವಿಧಾನದ ಬೆಲೆ. ನನ್ನ ತೊಡಕು ಆ ಎರಡು ಸೊನ್ನೆಗಳು.

ಇದಕ್ಕಿಂತ ಗಂಭೀರ ಆಕ್ಷೇಪ ಶ್ರಮದ್ದು. ಒಬ್ಬಳೇ ಸಂಶೋಧಕಿ ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ಅರೆಬರೆಯಾಗುವ ಅಪಾಯವಿದೆ. ಅದಕ್ಕಾಗಿ ಎರಡೂ ಕಡೆ ಮಿತಿ ಹಾಕಿಕೊಂಡೆ. ಪರೀಕ್ಷೆಗಳು ಮೂರೇ. ಪೋಷಕರ ಸಂದರ್ಶನವನ್ನು ಕೈಬಿಟ್ಟೆ. ಅದು ನಷ್ಟವೇ, ಏಕೆಂದರೆ ಮನೆಮಾತಿನ ಬಗ್ಗೆ ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರೂ ಇಲ್ಲ. ಮೂರನೆಯ ಪ್ರಶ್ನೆಗೆ ಈ ಪ್ರಬಂಧ ಕೊಡುವ ಉತ್ತರವನ್ನು ತರಗತಿಯೊಳಗಿನ ಉತ್ತರವೆಂದಷ್ಟೇ ಓದಬೇಕು.

ಮಾದರಿ ಶಾಲೆಗಳ ಆಯ್ಕೆ, ಪೋಷಕರ ಮತ್ತು ಮಕ್ಕಳ ಒಪ್ಪಿಗೆ ಪಡೆದ ಕ್ರಮ ಮುಂದಿನ ಭಾಗದಲ್ಲಿದೆ.